ಸಂದರ್ಶನದ ಕೊನೆಯ ಹತ್ತು ನಿಮಿಷ: ತಂಡವನ್ನೂ ಹುದ್ದೆಯನ್ನೂ ಅರಿಯಲು ಏನು ಕೇಳಬೇಕು, ಹೇಗೆ ಕೇಳಬೇಕು

“ನಮ್ಮನ್ನು ಕೇಳುವುದೇನಾದರೂ ಇದೆಯೇ?” ಎಂದು ಸಂದರ್ಶಕರು ಕೊನೆಯಲ್ಲಿ ಕೇಳಿದಾಗ ಏನು ಹೇಳಬೇಕೆಂದು ತೋಚುವುದಿಲ್ಲ ಎಂದು ಓದುಗರು ಮತ್ತೆ ಮತ್ತೆ ಬರೆಯುತ್ತಿದ್ದಾರೆ. ಹಲವರು “ಏನೂ ಇಲ್ಲ ಸರ್” ಎಂದು ಮುಗಿಸಿಬಿಡುತ್ತಾರೆ. ಇನ್ನು ಕೆಲವರು ಆಸಕ್ತಿ ತೋರಿಸಲೆಂದೇ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿರುತ್ತಾರೆ. ಅದನ್ನು ಕೇಳಿದ ಮೇಲೆ ಬಂದ ಉತ್ತರವನ್ನು ಮನಸ್ಸಿಗೆ ತೆಗೆದುಕೊಳ್ಳದೆ ತಲೆಯಾಡಿಸಿ ಎದ್ದು ಬರುತ್ತಾರೆ. ಈ ಎರಡರಲ್ಲಿಯೂ ಕಳೆದುಹೋಗುವುದು ಒಂದೇ: ಮುಂದೆ ವರ್ಷಗಟ್ಟಲೆ ಯಾರೊಂದಿಗೆ, ಯಾವ ಕೆಲಸ ಮಾಡಬೇಕಾಗುತ್ತದೆ ಎಂಬುದನ್ನು ಒಳಗಿನವರ ಬಾಯಿಂದಲೇ ತಿಳಿಯುವ ಅವಕಾಶ.

ಈ ಲೇಖನವನ್ನು ಮೂರರಿಂದ ಎಂಟು ವರ್ಷ ಅನುಭವವಿರುವ, ಬೆಂಗಳೂರಿನ ಉತ್ಪನ್ನ ಕಂಪನಿಗಳಿಗೆ ಅಥವಾ ವಿದೇಶಿ ಕಂಪನಿಗಳ ಬೆಂಗಳೂರು ಕಚೇರಿಗಳಿಗೆ ಅರ್ಜಿ ಹಾಕುತ್ತಿರುವ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಲೇಜಿನಿಂದ ನೇರವಾಗಿ ಸೇರುವವರ ಸ್ಥಿತಿ ಬೇರೆ. ಅವರಿಗೆ ತಂಡವನ್ನು ಆರಿಸಿಕೊಳ್ಳುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಅನುಭವಿಗಳ ಕಷ್ಟ ಇರುವುದು ನೋಟಿಸ್ ಅವಧಿಯಲ್ಲಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆಯ ಕಂಪನಿಯಲ್ಲಿ ಕಡ್ಡಾಯವಾಗಿ ದುಡಿಯಬೇಕಾದ ದಿನಗಳಲ್ಲಿ. ನಮ್ಮಲ್ಲಿ ಅದು ಬಹಳ ಕಡೆ 60 ಅಥವಾ 90 ದಿನ ಇರುತ್ತದೆ. ಹೊಸ ಕಡೆ ಸೇರಿ ಎರಡನೆಯ ವಾರದಲ್ಲಿ “ನಾನು ಅಂದುಕೊಂಡದ್ದು ಇದಲ್ಲ” ಎಂದು ಗೊತ್ತಾದರೆ, ಮತ್ತೊಮ್ಮೆ ಅಷ್ಟೇ ಉದ್ದದ ದಾರಿಯನ್ನು ತುಳಿಯಬೇಕಾಗುತ್ತದೆ.

ಬೇಕಾಗುವ ಸಿದ್ಧತೆ

ಮೂರು ವಸ್ತುಗಳು ಸಾಕು. ಮೊದಲನೆಯದು ಜೆಡಿ, ಅಂದರೆ ಹುದ್ದೆಯ ಜವಾಬ್ದಾರಿಗಳನ್ನು ಬರೆದ ವಿವರಣೆ. ಅದನ್ನು ಮುದ್ರಿಸಿಕೊಳ್ಳಿ ಅಥವಾ ಪಕ್ಕದಲ್ಲಿ ತೆರೆದಿಡಿ. ಎರಡನೆಯದು ಪ್ರತಿ ಸುತ್ತಿನಲ್ಲಿ ಯಾರು ಮಾತನಾಡುತ್ತಾರೆ, ಅವರ ಹುದ್ದೆ ಏನು ಎಂಬ ಪಟ್ಟಿ; ರಿಕ್ರೂಟರನ್ನು, ಅಂದರೆ ನಿಮ್ಮ ಅರ್ಜಿಯನ್ನು ಮುನ್ನಡೆಸುತ್ತಿರುವ ಎಚ್‌ಆರ್ ಪ್ರತಿನಿಧಿಯನ್ನು, ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಮೂರನೆಯದು ಒಂದು ಕಾಗದ ಮತ್ತು ಪೆನ್ನು. ವಿಡಿಯೊ ಸಂದರ್ಶನವಾದರೆ “ನಾನು ನಡುವೆ ಟಿಪ್ಪಣಿ ಬರೆದುಕೊಳ್ಳುತ್ತೇನೆ” ಎಂದು ಆರಂಭದಲ್ಲೇ ಹೇಳಿಬಿಡಿ. ಇಲ್ಲವಾದರೆ ಕಣ್ಣು ಕೆಳಗೆ ಹೋದಾಗಲೆಲ್ಲ ನೀವು ಏನನ್ನೋ ನೋಡಿಕೊಂಡು ಉತ್ತರಿಸುತ್ತಿದ್ದೀರಿ ಎಂಬ ಅನುಮಾನ ಅವರಿಗೆ ಬರಬಹುದು.

1. ನಿಮಗೆ ನಿಜವಾಗಿ ಗೊತ್ತಿಲ್ಲದ ಮೂರು ಸಂಗತಿಗಳನ್ನು ಬರೆಯಿರಿ

ಪ್ರಶ್ನೆಗಳನ್ನು ಹುಡುಕುವ ಮೊದಲು ಸಂಶಯಗಳನ್ನು ಹುಡುಕಿಕೊಳ್ಳಿ. ಈಗಿನ ಕೆಲಸವನ್ನು ಏಕೆ ಬಿಡುತ್ತಿದ್ದೀರಿ ಎಂಬುದನ್ನು ನಿಮಗೆ ನೀವೇ ಪ್ರಾಮಾಣಿಕವಾಗಿ ಹೇಳಿಕೊಂಡರೆ ಅವುಗಳಲ್ಲಿ ಎರಡು ತಾವಾಗಿಯೇ ಹೊರಬರುತ್ತವೆ. ರಾತ್ರಿಯ ಕರೆಗಳಿಂದ ಬೇಸತ್ತು ಹೊರಡುತ್ತಿರುವವರ ಮೊದಲ ಸಂಶಯ “ಇಲ್ಲಿಯೂ ಹಾಗೆಯೇ ಇದೆಯೇ?” ಎಂಬುದಾಗಿರುತ್ತದೆ, ಎರಡು ವರ್ಷದಿಂದ ಹಳೆಯ ಕೋಡಿನ ದುರಸ್ತಿ ಮಾತ್ರ ಮಾಡುತ್ತಿರುವವರಿಗೆ ಹುದ್ದೆಯಲ್ಲಿ ಹೊಸ ಕೆಲಸ ಎಷ್ಟಿದೆ ಎಂಬುದೇ ಮುಖ್ಯ. ಮೂರನೆಯದನ್ನು ಜೆಡಿಯಿಂದ ಹೆಕ್ಕಿ: ಓದಿದಾಗ ಅರ್ಥವಾಗದ, ಅಥವಾ ತೀರಾ ಅಂದವಾಗಿ ಕಾಣುವ ಒಂದು ವಾಕ್ಯ ಅದರಲ್ಲಿ ಇದ್ದೇ ಇರುತ್ತದೆ.

ಮೂರಕ್ಕಿಂತ ಹೆಚ್ಚು ಬೇಡ. ಒಂದು ಸುತ್ತಿನ ಕೊನೆಯಲ್ಲಿ ಸಿಗುವುದು ಐದರಿಂದ ಹತ್ತು ನಿಮಿಷ. ಒಂದು ಒಳ್ಳೆಯ ಪ್ರಶ್ನೆ ಮತ್ತು ಅದರ ಮುಂದಿನ ಕವಲುಪ್ರಶ್ನೆಗೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಹನ್ನೆರಡು ಪ್ರಶ್ನೆಗಳ ಪಟ್ಟಿ ಹಿಡಿದು ಹೋದವರು ಹನ್ನೆರಡು ತೆಳು ಉತ್ತರಗಳನ್ನು ಹೊತ್ತು ಬರುತ್ತಾರೆ.

2. ಗುಣವನ್ನು ಕೇಳಬೇಡಿ, ನಡೆದದ್ದನ್ನು ಕೇಳಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಸಂದರ್ಶಕರು ನಿಮ್ಮನ್ನು “ನೀವು ಒತ್ತಡವನ್ನು ನಿಭಾಯಿಸುತ್ತೀರಾ?” ಎಂದು ಕೇಳುವುದಿಲ್ಲ, “ಒತ್ತಡದಲ್ಲಿ ಕೆಲಸ ಮಾಡಿದ ಒಂದು ಸಂದರ್ಭವನ್ನು ಹೇಳಿ” ಎನ್ನುತ್ತಾರೆ. ಮೊದಲನೆಯದಕ್ಕೆ ಯಾರು ಬೇಕಾದರೂ ಹೌದು ಎನ್ನಬಹುದು, ಎರಡನೆಯದಕ್ಕೆ ನಡೆದ ಘಟನೆ ಬೇಕು ಎಂಬುದು ಅವರಿಗೆ ಗೊತ್ತು. ಅದೇ ಸಾಧನವನ್ನು ನೀವೂ ಬಳಸಬೇಕು. “ತಂಡದ ಸಂಸ್ಕೃತಿ ಹೇಗಿದೆ?” ಎಂದರೆ “ತುಂಬಾ ಚೆನ್ನಾಗಿದೆ, ಎಲ್ಲರೂ ಸಹಕರಿಸುತ್ತಾರೆ” ಎಂಬುದು ಬಿಟ್ಟು ಬೇರೆ ಉತ್ತರ ಬರಲು ಸಾಧ್ಯವಿಲ್ಲ. ಸಂದರ್ಶಕರು ಸುಳ್ಳು ಹೇಳುತ್ತಾರೆ ಎಂದಲ್ಲ; ಪ್ರಶ್ನೆಯೇ ಅವರಿಂದ ಪ್ರಶಂಸೆಯನ್ನು ಬೇಡುತ್ತದೆ.

ಕೆಲವನ್ನು ಹೀಗೆ ಮಾರ್ಪಡಿಸಬಹುದು. “ಕೋಡಿನ ಗುಣಮಟ್ಟಕ್ಕೆ ಮಹತ್ವ ಕೊಡುತ್ತೀರಾ?” ಎನ್ನುವ ಬದಲು “ಈ ವಾರ ನೀವು ಕಳಿಸಿದ ಒಂದು ಬದಲಾವಣೆಗೆ ಕೋಡ್ ರಿವ್ಯೂ ಮುಗಿಯಲು ಎಷ್ಟು ಹೊತ್ತು ಹಿಡಿಯಿತು, ಅದರಲ್ಲಿ ಯಾವ ರೀತಿಯ ಆಕ್ಷೇಪಗಳು ಬಂದವು?” ಎಂದು ಕೇಳಿ. (ಒಬ್ಬರು ಬರೆದ ಕೋಡನ್ನು ಸೇರಿಸುವ ಮೊದಲು ಇನ್ನೊಬ್ಬರು ಓದಿ ಒಪ್ಪುವುದಕ್ಕೆ ಕೋಡ್ ರಿವ್ಯೂ ಎನ್ನುತ್ತಾರೆ.) “ಕೆಲಸದ ಒತ್ತಡ ಹೇಗಿದೆ?” ಎನ್ನುವ ಬದಲು “ಕಳೆದ ಬಾರಿ ಹೇಳಿದ ದಿನಾಂಕಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ತಿಳಿದಾಗ ತಂಡ ಏನು ಮಾಡಿತು? ಕೆಲಸವನ್ನು ಕಡಿಮೆ ಮಾಡಿದರೋ, ದಿನಾಂಕವನ್ನು ಮುಂದೂಡಿದರೋ, ವಾರಾಂತ್ಯದಲ್ಲಿ ಕುಳಿತರೋ?” ಎಂದು ಕೇಳಿ. ಪ್ರತಿಯೊಂದರಲ್ಲಿಯೂ “ಕಳೆದ ಬಾರಿ”, “ಈ ವಾರ”, “ಇತ್ತೀಚೆಗೆ ಸೇರಿದವರು” ಎಂಬಂತಹ ಒಂದು ಗೂಟ ಇರಲಿ. ಉತ್ತರ ಅದರ ಸುತ್ತಲೇ ತಿರುಗಬೇಕಾಗುತ್ತದೆ.

ಎಚ್ಚರಿಕೆ: ದೊಡ್ಡವರನ್ನು, ಅದರಲ್ಲಿಯೂ ಕೆಲಸ ಕೊಡುವವರನ್ನು, ಹೀಗೆ ಕೆದಕಿ ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಹಿಂಜರಿಕೆ ನಮ್ಮಲ್ಲಿ ಹಲವರಿಗಿದೆ. ಕೇಳುವ ಕಾರಣವನ್ನು ಮೊದಲೇ ಒಂದು ವಾಕ್ಯದಲ್ಲಿ ಹೇಳಿದರೆ ಪ್ರಶ್ನೆ ತನಿಖೆಯಂತೆ ಕೇಳಿಸುವುದಿಲ್ಲ: “ಸೇರಿದ ದಿನದಿಂದಲೇ ಪ್ರಯೋಜನಕ್ಕೆ ಬರಬೇಕೆಂಬ ಆಸೆ ನನಗಿದೆ, ಆದ್ದರಿಂದ ದಿನದ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಿತ್ತು.” ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುವುದರಿಂದ, ನಿಮ್ಮ ಮೂರೂ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಚಿಕ್ಕ ವಾಕ್ಯಗಳಾಗಿ ಬರೆದು ಎರಡು ಮೂರು ಬಾರಿ ಗಟ್ಟಿಯಾಗಿ ಹೇಳಿ ನೋಡಿ. ಉದ್ದದ ಪ್ರಶ್ನೆಯ ಕೊನೆಯ ಭಾಗಕ್ಕೆ ಮಾತ್ರ ಉತ್ತರ ಬರುವುದು ಬಹಳ ಸಾಮಾನ್ಯ.

3. ಯಾರನ್ನು ಏನು ಕೇಳಬೇಕೆಂದು ಹಂಚಿಕೊಳ್ಳಿ

ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: “ನಾನು ಸೇರುವ ತಂಡದಲ್ಲೇ ನೀವೂ ಇದ್ದೀರಾ?” ದೊಡ್ಡ ಕಂಪನಿಗಳಲ್ಲಿ ಕೋಡಿಂಗ್ ಸುತ್ತನ್ನು ಬೇರೆ ತಂಡದವರು ನಡೆಸುವುದು ರೂಢಿಯಲ್ಲಿದೆ, ಕೆಲವೆಡೆ ಆಯ್ಕೆಯಾದ ಮೇಲೆ ತಂಡ ನಿಗದಿಯಾಗುತ್ತದೆ. ಬೇರೆ ತಂಡದವರು ತಮ್ಮ ತಂಡದ ಬಗ್ಗೆ ಸತ್ಯವನ್ನೇ ಹೇಳುತ್ತಾರೆ, ನೀವು ಅದನ್ನು ನಿಮ್ಮ ತಂಡದ ಸತ್ಯವೆಂದು ಮನೆಗೆ ಒಯ್ಯುತ್ತೀರಿ. ಅಂಥವರನ್ನು ಇಡೀ ಕಂಪನಿಗೆ ಅನ್ವಯಿಸುವ ಸಂಗತಿಗಳನ್ನು ಮಾತ್ರ ಕೇಳಿ: ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವುದು ಎಷ್ಟು ಸುಲಭ, ಇತ್ತೀಚೆಗೆ ಯಾರಾದರೂ ಹಾಗೆ ಹೋಗಿದ್ದಾರೆಯೇ ಎಂಬಂತಹವು.

ತಂಡದಲ್ಲೇ ಇರುವ ಎಂಜಿನಿಯರ್ ಸಿಕ್ಕರೆ ದಿನದ ಕೆಲಸ, ರಾತ್ರಿಯ ಸರದಿ, ರಿವ್ಯೂಗಳ ಬಗ್ಗೆ ಕೇಳಿ. ಮ್ಯಾನೇಜರನ್ನು ಹುದ್ದೆ ಏಕೆ ತೆರೆಯಿತು, ನಿಮ್ಮಿಂದ ಏನು ನಿರೀಕ್ಷೆ ಇದೆ, ಅವರು ಈ ತಂಡವನ್ನು ಎಷ್ಟು ಕಾಲದಿಂದ ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿ. ಸಂಬಳ, ರಜೆ, ಪ್ರೊಬೇಷನ್, ವಾರ್ಷಿಕ ಮೌಲ್ಯಮಾಪನದ ದಿನಾಂಕಗಳು ಎಚ್‌ಆರ್‌ಗೆ ಮೀಸಲು. ತಾಂತ್ರಿಕ ಸುತ್ತಿನಲ್ಲಿ ಅವನ್ನು ಎತ್ತಿದರೆ ಸಂದರ್ಶಕರಿಗೆ ಉತ್ತರವೂ ಗೊತ್ತಿರುವುದಿಲ್ಲ, ನಿಮ್ಮ ಸಮಯವೂ ಹೋಗುತ್ತದೆ.

4. ಹೆಚ್ಚು ತಿಳಿಸುವ ನಾಲ್ಕು ಪ್ರಶ್ನೆಗಳು

ಮೊದಲನೆಯದು: “ಈ ಹುದ್ದೆ ಹೇಗೆ ತೆರೆಯಿತು?” ಉತ್ತರ ಎರಡೇ ಬಗೆ. ಒಂದೋ ತಂಡ ಬೆಳೆಯುತ್ತಿದೆ, ಅಥವಾ ಯಾರೋ ಹೋಗಿದ್ದಾರೆ. ಎರಡನೆಯದನ್ನು ಬ್ಯಾಕ್‌ಫಿಲ್ ಎನ್ನುತ್ತಾರೆ, ಎಂದರೆ ಖಾಲಿಯಾದ ಜಾಗವನ್ನು ತುಂಬುವುದು. ಬ್ಯಾಕ್‌ಫಿಲ್ ಎಂದ ಕೂಡಲೇ ಗಾಬರಿಯಾಗಬೇಕಿಲ್ಲ. ಜನ ಉನ್ನತ ವ್ಯಾಸಂಗಕ್ಕೆ ಹೋಗುತ್ತಾರೆ, ಊರು ಬದಲಿಸುತ್ತಾರೆ, ಕಂಪನಿಯೊಳಗೇ ಬೇರೆ ತಂಡಕ್ಕೆ ಹೋಗುತ್ತಾರೆ. ಹೋದವರ ವೈಯಕ್ತಿಕ ಕಾರಣವನ್ನು ಕೇಳುವುದು ತರವಲ್ಲ, ಕೇಳಬೇಕಾದದ್ದು ಲೆಕ್ಕ: “ತಂಡದಲ್ಲಿ ಈಗ ಎಷ್ಟು ಜನರಿದ್ದಾರೆ? ಅವರಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇರುವವರು ಎಷ್ಟು?” ಏಳು ಜನರ ತಂಡದಲ್ಲಿ ವರ್ಷ ದಾಟಿದವರು ಇಬ್ಬರೇ ಇದ್ದರೆ, ಒಂದೋ ತಂಡ ಹೊಸದು ಅಥವಾ ಜನ ನಿಲ್ಲುತ್ತಿಲ್ಲ. ಯಾವುದೆಂದು ತಿಳಿಯಲು “ತಂಡ ಆರಂಭವಾದದ್ದು ಯಾವಾಗ?” ಎಂಬ ಇನ್ನೊಂದು ಪ್ರಶ್ನೆ ಸಾಕು. ತಂಡ ಬೆಳೆಯುತ್ತಿದೆ ಎಂದರೂ ಅಲ್ಲಿಗೇ ಬಿಡಬೇಡಿ. ಯಾವ ಕೆಲಸಕ್ಕಾಗಿ ಬೆಳೆಯುತ್ತಿದೆ, ಆ ಕೆಲಸ ಈಗಾಗಲೇ ಶುರುವಾಗಿದೆಯೇ, ಅದನ್ನು ಬಳಸುವವರು ಯಾರು ಎಂದು ಕೇಳಿ. ಇನ್ನೂ ಶುರುವಾಗದ ಕೆಲಸಕ್ಕೆ ನೇಮಕವಾದವರು ಆ ಯೋಜನೆ ನಿಂತುಹೋದರೆ ಬೇರೇನನ್ನೋ ಮಾಡಬೇಕಾಗುತ್ತದೆ.

ಎರಡನೆಯದು ಆನ್‌ಕಾಲ್ ಬಗ್ಗೆ. ಸೇವೆ ಕೈಕೊಟ್ಟಾಗ ಹಗಲು ರಾತ್ರಿಯೆನ್ನದೆ ಎದ್ದು ಸರಿಪಡಿಸುವ ಜವಾಬ್ದಾರಿಯ ಸರದಿಗೆ ಆನ್‌ಕಾಲ್ ಎನ್ನುತ್ತಾರೆ. ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಒಂದೊಂದು ವಾರ. “ಆನ್‌ಕಾಲ್ ಇದೆಯೇ?” ಎಂಬ ಪ್ರಶ್ನೆಗೆ “ಇದೆ, ಆದರೆ ಹೆಚ್ಚೇನಿಲ್ಲ” ಎಂಬ ಉತ್ತರ ಬರುತ್ತದೆ. ಸರದಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ: ಆರು ಜನರಿದ್ದರೆ ವರ್ಷಕ್ಕೆ ಎಂಟು ಒಂಬತ್ತು ವಾರ, ಮೂವರೇ ಇದ್ದರೆ ಹದಿನೇಳು ವಾರ. ಮೂವರ ಸರದಿಯಲ್ಲಿ ಒಬ್ಬರು ಮದುವೆಗೋ ಹಬ್ಬಕ್ಕೋ ಊರಿಗೆ ಹೋದರೆ ಉಳಿದಿಬ್ಬರ ಮೇಲೆ ಎಲ್ಲವೂ ಬೀಳುತ್ತದೆ. ಆಮೇಲೆ ಹೀಗೆ ಕೇಳಿ: “ನಿಮ್ಮ ಕಳೆದ ಸರದಿಯಲ್ಲಿ ರಾತ್ರಿ ಎಷ್ಟು ಬಾರಿ ಏಳಬೇಕಾಯಿತು? ಕಾರಣ ಏನಾಗಿತ್ತು? ಆ ಕಾರಣವನ್ನು ಸರಿಪಡಿಸಲು ಆಮೇಲೆ ಸಮಯ ಸಿಕ್ಕಿತೇ?” ಇದರಲ್ಲಿ ಕೊನೆಯ ಭಾಗವೇ ಜೀವಾಳ. ಎರಡು ಬಾರಿ ಎದ್ದರೂ ಕಾರಣವನ್ನು ಮರುವಾರವೇ ಸರಿಪಡಿಸಿದ ತಂಡ ಆರೋಗ್ಯವಾಗಿದೆ. ಒಂದೇ ಬಾರಿ ಎದ್ದರೂ, “ಅದು ಎಲ್ಲರಿಗೂ ಗೊತ್ತಿರುವ ತೊಂದರೆ, ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು” ಎಂದು ನಗುತ್ತಾ ಹೇಳಿದರೆ, ಅಲ್ಲಿ ದುರಸ್ತಿಗೆ ಸಮಯ ಕೊಡುವವರಿಲ್ಲ ಎಂದು ತಿಳಿಯಬಹುದು. ರಾತ್ರಿ ಎದ್ದವರು ಮರುದಿನ ತಡವಾಗಿ ಬರಬಹುದೇ, ಬದಲಿ ರಜೆಯೋ ಭತ್ಯೆಯೋ ಇದೆಯೇ ಎಂಬುದನ್ನು ಎಚ್‌ಆರ್ ಸುತ್ತಿನಲ್ಲಿ ಕೇಳಿ. ಕಾಗದದ ಮೇಲೆ ಇರುವುದು ಅವರಿಗೆ ಗೊತ್ತಿರುತ್ತದೆ, ಅದನ್ನು ನಿಜವಾಗಿ ಬಳಸುತ್ತಾರೆಯೇ ಎಂಬುದು ಎಂಜಿನಿಯರಿಗೆ ಗೊತ್ತಿರುತ್ತದೆ.

ಮೂರನೆಯದು ಮ್ಯಾನೇಜರಿಗೆ: “ನಾನು ಸೇರಿ ಆರು ತಿಂಗಳಾದ ಮೇಲೆ ಯಾವ ಕೆಲಸ ಮುಗಿದಿದ್ದರೆ ನಿಮಗೆ ಸಮಾಧಾನವಾಗುತ್ತದೆ?” ಉತ್ತರದಲ್ಲಿ ಒಂದು ಯೋಜನೆಯ ಹೆಸರು, ಒಂದು ತೊಂದರೆ, ಒಂದು ಗಡುವು ಇದ್ದರೆ ಹುದ್ದೆಯನ್ನು ಅವರು ಯೋಚಿಸಿ ತೆರೆದಿದ್ದಾರೆ. “ಎಲ್ಲವನ್ನೂ ಕಲಿತು ತಂಡದಲ್ಲಿ ಒಂದಾಗಿರಬೇಕು” ಎಂದಷ್ಟೇ ಆದರೆ ನಿಮಗೆ ಯಾವ ಕೆಲಸ ಎಂದು ಇನ್ನೂ ನಿಗದಿಯಾಗಿಲ್ಲ. ಆಗ “ನಿಮ್ಮ ತಂಡಕ್ಕೆ ಇತ್ತೀಚೆಗೆ ಸೇರಿದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿದರು?” ಎಂದು ಕೇಳಿ. ಬಂದ ಉತ್ತರವನ್ನು ಜೆಡಿಯ ಪಕ್ಕದಲ್ಲಿಟ್ಟು ಓದಿ. ಜೆಡಿಯಲ್ಲಿ “ಹೊಸ ಸೇವೆಗಳ ವಿನ್ಯಾಸ” ಎಂದಿದ್ದು, ಮ್ಯಾನೇಜರ್ ಐದು ನಿಮಿಷವೂ ಹಳೆಯ ವ್ಯವಸ್ಥೆಯನ್ನು ಹೊಸ ವೇದಿಕೆಗೆ ಸ್ಥಳಾಂತರಿಸುವ ಬಗ್ಗೆಯೇ ಮಾತನಾಡಿದರೆ, ನಿಮ್ಮ ಕೆಲಸ ಸ್ಥಳಾಂತರವೇ. ಆ ಕೆಲಸ ಕೀಳಲ್ಲ, ಅದರಲ್ಲಿ ಕಲಿಯುವುದು ಬಹಳ ಇದೆ. ಆದರೆ ತಿಳಿದು ಒಪ್ಪಿಕೊಳ್ಳುವುದಕ್ಕೂ ಸೇರಿದ ಮೇಲೆ ತಿಳಿಯುವುದಕ್ಕೂ ವ್ಯತ್ಯಾಸವಿದೆ.

ನಾಲ್ಕನೆಯದು ವಿದೇಶಿ ಕಂಪನಿಯ ಬೆಂಗಳೂರು ಕಚೇರಿಗೆ ಹೋಗುವವರಿಗೆ ಮಾತ್ರ: “ತಂಡ ಇತ್ತೀಚೆಗೆ ಕೈಗೊಂಡ ಒಂದು ದೊಡ್ಡ ತಾಂತ್ರಿಕ ನಿರ್ಧಾರವನ್ನು ಹೇಳಿ. ಪ್ರಸ್ತಾವ ಬರೆದವರು ಎಲ್ಲಿದ್ದರು, ಒಪ್ಪಿಗೆ ಕೊಟ್ಟವರು ಎಲ್ಲಿದ್ದರು?” ಎರಡಕ್ಕೂ ಉತ್ತರ ಸಾಗರದಾಚೆಯ ಊರೇ ಆದರೆ, ಇಲ್ಲಿ ನಡೆಯುವುದು ಹೆಚ್ಚಾಗಿ ಅಲ್ಲಿ ತೀರ್ಮಾನವಾದದ್ದರ ಅನುಷ್ಠಾನ. ಇದರ ಜೊತೆಗೆ ಸಭೆಗಳ ಹೊತ್ತನ್ನು ಕೇಳುವಾಗ ಒಂದು ಸೂಕ್ಷ್ಮವನ್ನು ಗಮನಿಸಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9 ಗಂಟೆ ಎಂದರೆ ಅವರ ಬೇಸಿಗೆ ಸಮಯದಲ್ಲಿ ನಮಗೆ ರಾತ್ರಿ 9.30, ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ, ಮಾರ್ಚಿನ ಎರಡನೆಯ ಭಾನುವಾರದವರೆಗೆ, ಅದೇ ಸಭೆ ನಮಗೆ ರಾತ್ರಿ 10.30ಕ್ಕೆ ಬರುತ್ತದೆ. ಜುಲೈನಲ್ಲಿ ಸಂದರ್ಶನವಾದವರಿಗೆ ಯಾರೂ ಇದನ್ನು ತಾವಾಗಿ ಹೇಳುವುದಿಲ್ಲ, ಹೇಳಬೇಕೆಂದು ಹೊಳೆಯುವುದೂ ಇಲ್ಲ. “ಚಳಿಗಾಲದಲ್ಲಿ ವಾರಕ್ಕೆ ಎಷ್ಟು ದಿನ ರಾತ್ರಿ ಹತ್ತರ ನಂತರ ಸಭೆ ಇರುತ್ತದೆ?” ಎಂದು ನೇರವಾಗಿ ಕೇಳಿ.

5. ಉತ್ತರವನ್ನು ಕೇಳಿಸಿಕೊಳ್ಳುವುದು

ಪ್ರಶ್ನೆ ಮುಗಿದ ಮೇಲೆ ಸುಮ್ಮನಿರಿ. ನಡೆದದ್ದನ್ನು ನೆನಪಿಸಿಕೊಳ್ಳಲು ಎದುರಿನವರಿಗೆ ಕೆಲವು ಕ್ಷಣ ಬೇಕು. ಆ ಮೌನಕ್ಕೆ ಹೆದರಿ “ಅಂದರೆ, ಸಾಮಾನ್ಯವಾಗಿ ಹೇಳಿದರೂ ಸಾಕು” ಎಂದು ಸೇರಿಸಿದರೆ ನಿಮ್ಮ ಪ್ರಶ್ನೆಯನ್ನು ನೀವೇ ಕೆಡಿಸಿದಂತೆ.

ಸಂಖ್ಯೆ, ದಿನ, ಘಟನೆ ಇರುವ ಉತ್ತರಕ್ಕೆ ಹೆಚ್ಚು ಬೆಲೆ ಕೊಡಿ. ತಮ್ಮ ತಂಡದ ಒಂದು ಕೊರತೆಯನ್ನು ತಾವೇ ಒಪ್ಪಿಕೊಂಡು, ಅದಕ್ಕೆ ಏನು ಮಾಡುತ್ತಿದ್ದೇವೆ ಎಂದು ಹೇಳುವವರ ಉಳಿದ ಮಾತನ್ನೂ ನಾನು ಹೆಚ್ಚು ನಂಬುತ್ತೇನೆ. “ನಾವೆಲ್ಲ ಒಂದು ಕುಟುಂಬದಂತೆ” ಎಂಬ ಮಾತಿನಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ತೀರ್ಮಾನಿಸಲಾಗದು. ಅದನ್ನು ಬರೆದುಕೊಳ್ಳದೆ ಬಿಡಬಹುದು. ಉತ್ತರ ತೆಳುವಾದರೆ ಒಂದೇ ಒಂದು ಬಾರಿ ಮತ್ತೆ ಕೇಳಿ: “ಒಂದು ಉದಾಹರಣೆ ಹೇಳಬಹುದೇ?” ಆಗಲೂ ಬರದಿದ್ದರೆ ಮುಂದಿನ ಪ್ರಶ್ನೆಗೆ ಹೋಗಿ.

ಎಚ್ಚರಿಕೆ: ತೆಳು ಉತ್ತರಕ್ಕೆ ಬೇರೆ ಕಾರಣಗಳೂ ಇರಬಹುದು. ಬಿಡುಗಡೆಯಾಗದ ಉತ್ಪನ್ನದ ಬಗ್ಗೆ ಅವರು ಮಾತನಾಡುವಂತಿಲ್ಲ. ಒಂದರ ಹಿಂದೊಂದು ನಾಲ್ಕು ಸಂದರ್ಶನ ಮಾಡಿ ದಣಿದಿರಲೂಬಹುದು. ಒಬ್ಬರ ಒಂದು ಉತ್ತರದಿಂದ ತೀರ್ಮಾನಕ್ಕೆ ಬರಬೇಡಿ.

6. ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಕೇಳಿ

ನಿಮ್ಮ ಮೂರು ಸಂಶಯಗಳಲ್ಲಿ ಅತಿ ಮುಖ್ಯವಾದುದನ್ನು ಎಂಜಿನಿಯರಿಗೂ ಮ್ಯಾನೇಜರಿಗೂ ಕೇಳಿ. ಉತ್ತರಗಳು ಅಕ್ಷರಶಃ ಒಂದೇ ಆಗಿರಬೇಕಿಲ್ಲ, ಇಬ್ಬರೂ ಒಂದೇ ತಂಡದ ಚಿತ್ರ ಕೊಡುತ್ತಿದ್ದಾರೆಯೇ ಎಂದು ನೋಡಿದರೆ ಸಾಕು. ಇಲ್ಲೊಂದು ತಪ್ಪನ್ನು ಎಂದಿಗೂ ಮಾಡಬೇಡಿ: “ಹಿಂದಿನ ಸುತ್ತಿನಲ್ಲಿ ಮಾತನಾಡಿದವರು ಬೇರೆ ರೀತಿ ಹೇಳಿದರಲ್ಲ” ಎಂದು ಮ್ಯಾನೇಜರ ಮುಂದೆ ಹೇಳಬೇಡಿ. ನಿಮ್ಮನ್ನು ನಂಬಿ ಮನಬಿಚ್ಚಿ ಮಾತನಾಡಿದವರನ್ನು ಅವರ ಮೇಲಧಿಕಾರಿಯ ಮುಂದೆ ಸಿಕ್ಕಿಸಿದಂತಾಗುತ್ತದೆ.

7. ಅರ್ಧ ಗಂಟೆಯೊಳಗೆ ಬರೆದಿಡಿ

ಪ್ರತಿ ಸುತ್ತು ಮುಗಿದ ಅರ್ಧ ಗಂಟೆಯೊಳಗೆ, ಕಾಗದವನ್ನು ಎರಡು ಭಾಗ ಮಾಡಿ, ಎಡಕ್ಕೆ ಅವರು ಹೇಳಿದ ಮಾತನ್ನು, ಬಲಕ್ಕೆ ನಿಮಗೆ ಅನ್ನಿಸಿದ್ದನ್ನು ಬರೆಯಿರಿ. ಇವೆರಡನ್ನೂ ಬೇರೆ ಇಡುವುದು ಏಕೆಂದರೆ, ಕೋಡಿಂಗ್ ಚೆನ್ನಾಗಿ ಹೋದ ದಿನ ತಂಡವೂ ಒಳ್ಳೆಯದೆನಿಸುತ್ತದೆ, ತಡವರಿಸಿದ ದಿನ ಸಂದರ್ಶಕರೇ ಒರಟರೆನಿಸುತ್ತಾರೆ. ವಾರದ ನಂತರ ಓದಿದಾಗ ಬಲಗಡೆಯದು ಬದಲಾಗಿರುತ್ತದೆ, ಎಡಗಡೆಯದು ಹಾಗೆಯೇ ಉಳಿದಿರುತ್ತದೆ.

ಇದೆಲ್ಲ ಹೇಗೆ ಕೂಡಿಬರುತ್ತದೆ ಎಂದು ತಿಳಿಯಲು ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಐದು ವರ್ಷ ಜಾವಾದಲ್ಲಿ ಕೆಲಸ ಮಾಡಿದ ಅಭ್ಯರ್ಥಿಯೊಬ್ಬರು ಆನ್‌ಲೈನ್ ಪಾವತಿ ತಂಡವೊಂದರ ಸೀನಿಯರ್ ಎಂಜಿನಿಯರ್ ಹುದ್ದೆಗೆ ಹೋಗಿದ್ದಾರೆ. ಜೆಡಿಯಲ್ಲಿ “ಹೊಸ ಪಾವತಿ ವ್ಯವಸ್ಥೆಯ ವಿನ್ಯಾಸ” ಎಂದಿದೆ. ಅವರ ಮೂರು ಸಂಶಯಗಳು: ರಾತ್ರಿಯ ಕೆಲಸ ಎಷ್ಟು, ವಿನ್ಯಾಸದ ಕೆಲಸ ನಿಜವೇ, ಮ್ಯಾನೇಜರ್ ನಿಲ್ಲುವವರೇ.

ವಿನ್ಯಾಸ ಸುತ್ತಿನ ಸಂದರ್ಶಕರು ಅದೇ ತಂಡದವರು. ಸರದಿಯಲ್ಲಿ ಐವರಿದ್ದಾರೆ, ಕಳೆದ ವಾರ ರಾತ್ರಿ ಮೂರು ಬಾರಿ ಎದ್ದೆ, ಮೂರೂ ಬಾರಿ ಬ್ಯಾಂಕಿನಿಂದ ಬರಬೇಕಾದ ಲೆಕ್ಕ ಹೊಂದಾಣಿಕೆಯ ಕಡತ ತಡವಾದದ್ದೇ ಕಾರಣ ಎಂದು ಅವರು ಹೇಳುತ್ತಾರೆ. ಸರಿಪಡಿಸಲಾಯಿತೇ ಎಂದರೆ, “ಪಟ್ಟಿಯಲ್ಲಿದೆ, ಆದರೆ ಕೈಗೆತ್ತಿಕೊಂಡಿಲ್ಲ.” ಮ್ಯಾನೇಜರನ್ನು ಅದೇ ಪ್ರಶ್ನೆ ಕೇಳಿದಾಗ “ವಾರಕ್ಕೊಂದು ಎರಡು ಅಲರ್ಟ್ ಇರಬಹುದು” ಎಂಬ ಉತ್ತರ ಬರುತ್ತದೆ. ಅಲರ್ಟ್ ಎಂದರೆ ತೊಂದರೆಯಾದಾಗ ಮೊಬೈಲಿಗೆ ಬರುವ ಎಚ್ಚರಿಕೆ. ಮೂರಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ದೊಡ್ಡದಲ್ಲ. ಒಂದು ವಾರ ಇನ್ನೊಂದರಂತೆ ಇರುವುದಿಲ್ಲ. ಅಭ್ಯರ್ಥಿ ಎಂಜಿನಿಯರ ಮಾತನ್ನು ಎತ್ತದೆ, “ಮತ್ತೆ ಮತ್ತೆ ಬರುವ ಅಲರ್ಟ್ ಯಾವುದು, ಅದನ್ನು ಸರಿಪಡಿಸುವ ಕೆಲಸ ಈ ತ್ರೈಮಾಸಿಕದಲ್ಲಿ ಯಾರ ಕೈಯಲ್ಲಿದೆ?” ಎಂದು ಕೇಳುತ್ತಾರೆ. ಮ್ಯಾನೇಜರ್ ಸ್ವಲ್ಪ ತಡೆದು ಹೇಳುತ್ತಾರೆ: “ನಿಜ ಹೇಳಬೇಕೆಂದರೆ, ಅದಕ್ಕಾಗಿಯೇ ಈ ಹುದ್ದೆ. ಹಿಂದೆ ನೋಡಿಕೊಳ್ಳುತ್ತಿದ್ದವರು ಇಲ್ಲೇ ಇನ್ನೊಂದು ತಂಡಕ್ಕೆ ಹೋದರು.”

ಈ ಒಂದು ಉತ್ತರದಿಂದ ಮೂರು ಸಂಗತಿಗಳು ತಿಳಿದವು. ಹುದ್ದೆ ಬ್ಯಾಕ್‌ಫಿಲ್, ಆದರೆ ಹೋದವರು ಕಂಪನಿಯಲ್ಲೇ ಇದ್ದಾರೆ. ಮೊದಲ ತಿಂಗಳುಗಳ ಕೆಲಸ ಹೊಸ ವಿನ್ಯಾಸವಲ್ಲ, ಲೆಕ್ಕ ಹೊಂದಾಣಿಕೆಯ ಭಾಗವನ್ನು ಗಟ್ಟಿಗೊಳಿಸುವುದು. ರಾತ್ರಿಯ ಕರೆಗಳ ಕಾರಣವನ್ನು ಮ್ಯಾನೇಜರ್ ಬಲ್ಲರು, ಮರೆಮಾಚುತ್ತಿಲ್ಲ. ಉಳಿದ ಅನುಮಾನ ಒಂದೇ: ಸೇರಿದವರಿಗೆ ಆ ದುರಸ್ತಿಗೆ ಸಮಯ ಕೊಡುತ್ತಾರೆಯೇ, ಅಥವಾ ಹೊಸ ಬೇಡಿಕೆಗಳ ನಡುವೆ ಅದು ಮತ್ತೆ ಪಟ್ಟಿಯಲ್ಲೇ ಉಳಿಯುತ್ತದೆಯೇ?

8. ಉಳಿದ ಪ್ರಶ್ನೆಯನ್ನು ಆಫರ್ ಬಂದ ಮೇಲೆ ಕೇಳಿ

ಸಂದರ್ಶನದಲ್ಲಿ ಸಮಯ ಸಾಲದಿದ್ದರೆ, ಅಥವಾ ಪ್ರಶ್ನೆ ತೀಕ್ಷ್ಣವಾಗಿದ್ದರೆ, ಆಫರ್ ಬರುವವರೆಗೆ ಕಾಯಿರಿ. ಆಯ್ಕೆ ಮುಗಿದ ಮೇಲೆ ಅವರಿಗೆ ನೀವು ಸೇರಬೇಕೆಂಬ ಆಸೆ ಇರುತ್ತದೆ, ಆಗ ರಿಕ್ರೂಟರಿಗೆ “ಒಪ್ಪಿಗೆ ಕೊಡುವ ಮೊದಲು ಮ್ಯಾನೇಜರ್ ಮತ್ತು ತಂಡದ ಒಬ್ಬರ ಜೊತೆ 20 ನಿಮಿಷ ಮಾತನಾಡಲು ಸಾಧ್ಯವೇ?” ಎಂದು ಬರೆದರೆ ಸಾಮಾನ್ಯವಾಗಿ ಏರ್ಪಾಡಾಗುತ್ತದೆ. ಕಾರಣವಿಲ್ಲದೆ ನಿರಾಕರಿಸಿದರೆ, ಅದನ್ನೂ ಎಡಗಡೆಯ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಮೇಲಿನ ಅಭ್ಯರ್ಥಿ ಆ ಕರೆಯಲ್ಲಿ ಕೇಳಬೇಕಾದದ್ದು ಎರಡು: ಮೊದಲ ತ್ರೈಮಾಸಿಕದಲ್ಲಿ ತನ್ನ ಸಮಯದಲ್ಲಿ ಎಷ್ಟು ಪಾಲು ಈ ದುರಸ್ತಿಗೆ ಮೀಸಲು, ಮತ್ತು ಅದು ಮುಗಿದ ಮೇಲೆ ಜೆಡಿಯಲ್ಲಿ ಹೇಳಿದ ವಿನ್ಯಾಸದ ಕೆಲಸ ಯಾವುದು. ಕರೆ ಮುಗಿದ ದಿನವೇ ಮ್ಯಾನೇಜರಿಗೆ, ರಿಕ್ರೂಟರ ಪ್ರತಿಯೊಂದಿಗೆ, ನಾಲ್ಕು ಸಾಲಿನ ಇಮೇಲ್ ಕಳಿಸಿ: “ನಾನು ಅರ್ಥಮಾಡಿಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದಿ.” ಇದು ಕರಾರಲ್ಲ, ಸೇರಿದ ಮೇಲೆ ಆದ್ಯತೆಗಳು ಬದಲಾಗಬಹುದು. ಆದರೂ ಬರವಣಿಗೆಯಲ್ಲಿ ಓದಿದಾಗ ಮ್ಯಾನೇಜರಿಗೆ ತಾವು ಹೇಳಿದ್ದು ಸರಿಯೇ ಎಂದು ಮತ್ತೊಮ್ಮೆ ನೋಡಬೇಕಾಗುತ್ತದೆ, “ಮೊದಲ ತ್ರೈಮಾಸಿಕ ಎನ್ನುವುದು ಕಷ್ಟ, ಎರಡನೆಯದರಲ್ಲಿ ಆಗಬಹುದು” ಎಂಬಂತಹ ತಿದ್ದುಪಡಿಗಳು ಬರುವುದು ಆಗಲೇ. ಆ ಇಮೇಲಿಗೆ ಉತ್ತರ ಕೈಸೇರುವವರೆಗೆ ಈಗಿನ ಕಂಪನಿಯಲ್ಲಿ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿಯ ದಿನಗಳು ಎಣಿಕೆಯಾಗಲು ಶುರುವಾಗುವುದು ಅಂದಿನಿಂದ.